ಒಂದಂಕಿಯೂ ತಪ್ಪಿರಲಿಲ್ಲ, ಆದರೂ ನಂಬರ್ ತಪ್ಪಿತ್ತು

ವಿಸಿಟಿಂಗ್ ಕಾರ್ಡಿನ ಫೋಟೋ ತೆಗೆದರೆ ಸಾಕು, ಹೆಸರು, ಹುದ್ದೆ, ಫೋನ್, ಇಮೇಲ್ ಎಲ್ಲ ತಂತಾನೇ ಆಯಾ ಜಾಗಕ್ಕೆ ಹೋಗಿ ಕೂರುತ್ತವೆ. ಹೀಗೆ ತುಂಬಿ ಬಂದ ಪಟ್ಟಿಗಳನ್ನು ಸರಿಯಿದೆಯಾ ಎಂದು ನೋಡುವುದು ನನ್ನ ದಿನದ ಕೆಲಸ. ಮೊದಮೊದಲು ನಾನು ಅಕ್ಷರದ ತಪ್ಪುಗಳನ್ನೇ ಹುಡುಕುತ್ತಿದ್ದೆ. ಸೊನ್ನೆ ಇರಬೇಕಾದ ಕಡೆ ಇಂಗ್ಲಿಷಿನ ಓ ಬಂದಿದೆಯಾ, ಒಂದರ ಬದಲು ಎಲ್ ಬಂದಿದೆಯಾ, ಇಷ್ಟೇ. ಒಂದು ಕಾರ್ಡ್ ನನ್ನ ಆ ಅಭ್ಯಾಸವನ್ನು ಬದಲಾಯಿಸಿತು. ಅದರ ವಿಷಯ ಹೇಳಲೇಬೇಕು.

ಒಬ್ಬರ ಮೊಬೈಲಿಗೆ ಮೆಸೇಜ್ ಕಳಿಸಿದ್ದೆವು. ತಲುಪಲಿಲ್ಲ. ಮೂರು ಸಲ ಕಳಿಸಿದರೂ ಅಷ್ಟೇ. ಪುಣ್ಯಕ್ಕೆ ಕಾರ್ಡ್ ಇನ್ನೂ ಡ್ರಾಯರಿನಲ್ಲಿತ್ತು. ತೆಗೆದು ಒಂದೊಂದೇ ಅಂಕಿ ಹೋಲಿಸಿ ನೋಡಿದೆ. ಒಂದೂ ತಪ್ಪಿರಲಿಲ್ಲ. ಪಟ್ಟಿಯಲ್ಲಿದ್ದ ನಂಬರ್ ಕಾರ್ಡಿನಲ್ಲೂ ಹಾಗೇ ಇತ್ತು. ಆದರೆ ಅದು ಮೊಬೈಲ್ ನಂಬರ್ ಆಗಿರಲಿಲ್ಲ, ಆಫೀಸಿನ ಎರಡನೇ ಲ್ಯಾಂಡ್‌ಲೈನ್ ಆಗಿತ್ತು.

ಕಾರ್ಡ್ ಹೀಗಿತ್ತು (ನಂಬರುಗಳನ್ನು ಬದಲಿಸಿ ಹೇಳುತ್ತಿದ್ದೇನೆ). ಎಡಕ್ಕೆ ಒಂದರ ಕೆಳಗೊಂದು ಟಿ, ಎಂ, ಎಫ್ ಎಂಬ ಮೂರು ಗುರುತುಗಳು. ಅಂದರೆ ಟೆಲಿಫೋನ್, ಮೊಬೈಲ್, ಫ್ಯಾಕ್ಸ್. ನಡುವೆ ಸಾಕಷ್ಟು ಖಾಲಿ ಜಾಗ ಬಿಟ್ಟು, ಬಲಕ್ಕೆ ನಂಬರುಗಳ ಸಾಲು. ಆದರೆ ಟೆಲಿಫೋನಿಗೆ ಎರಡು ನಂಬರ್ ಇದ್ದವು. ಹಾಗಾಗಿ ಗುರುತು ಮೂರು, ನಂಬರ್ ನಾಲ್ಕು. ಕೊನೆಯ ನಾಲ್ಕಂಕಿ ಮಾತ್ರ ಹೇಳುತ್ತೇನೆ: 0142 ಮತ್ತು 0143 ಟೆಲಿಫೋನ್, 0178 ಮೊಬೈಲ್, 0190 ಫ್ಯಾಕ್ಸ್.

ಕಣ್ಣಿಗೆ ಇದು ಸಲೀಸು. ನಾವು ಅಡ್ಡಡ್ಡ ಓದುತ್ತೇವೆ. ಅಕ್ಷರ ಗುರುತಿಸುವ ಸಾಫ್ಟ್‌ವೇರ್ ನಡುವಿನ ದೊಡ್ಡ ಖಾಲಿ ಜಾಗ ನೋಡಿ, ಇವು ಪತ್ರಿಕೆಯಲ್ಲಿರುವ ಹಾಗೆ ಎರಡು ಬೇರೆ ಕಾಲಂಗಳು ಎಂದುಕೊಂಡಿತು. ಮೊದಲು ಎಡಗಡೆಯದನ್ನು ಮೇಲಿಂದ ಕೆಳಕ್ಕೆ ಓದಿತು: ಟಿ, ಎಂ, ಎಫ್. ಆಮೇಲೆ ಬಲಗಡೆಯ ನಾಲ್ಕೂ ನಂಬರ್. ಜಾಗಕ್ಕೆ ಹಂಚುವ ಹೊತ್ತಿಗೆ ಮೊದಲ ಗುರುತಿಗೆ ಮೊದಲ ನಂಬರ್, ಎರಡನೆಯದಕ್ಕೆ ಎರಡನೆಯದು ಎಂದು ಜೋಡಿಸಿತು. ಕಾಂಟ್ಯಾಕ್ಟ್ ಫೈಲಿನಲ್ಲಿ ಬಂದದ್ದು ಹೀಗೆ:

```
TEL;TYPE=work:+12025550142
TEL;TYPE=cell:+12025550143
TEL;TYPE=fax:+12025550178
TEL:+12025550190
```

ನೋಡಿ, ನಿಜವಾದ ಮೊಬೈಲ್ ನಂಬರ್ ಫ್ಯಾಕ್ಸ್ ಆಗಿ ಕೂತಿದೆ. ಫ್ಯಾಕ್ಸ್ ನಂಬರಿಗೆ ಗುರುತೇ ಇಲ್ಲ. ಅಕ್ಷರ ಓದಿದ್ದು ನೂರಕ್ಕೆ ನೂರು ಸರಿ. ಆದರೂ ನಾಲ್ಕರಲ್ಲಿ ಮೂರು ಸಾಲು ಕೆಲಸಕ್ಕೆ ಬಾರದವು.

ಇದನ್ನು ಸರಿಮಾಡಲು ಬೇಕಾದ ಮಾಹಿತಿ ಸಾಫ್ಟ್‌ವೇರ್ ಹತ್ತಿರವೇ ಇತ್ತು, ಅದೇ ನನಗೆ ಬೇಜಾರು. ಓದಿದ ಪ್ರತಿ ಪದಕ್ಕೂ ಅದು ಚಿತ್ರದಲ್ಲಿ ಎಲ್ಲಿದೆ ಎಂಬ ಅಳತೆ ಸಿಗುತ್ತದೆ, ಎಡದಿಂದ ಎಷ್ಟು, ಮೇಲಿಂದ ಎಷ್ಟು ಎಂದು. ಟಿ ಮೇಲಿಂದ 410 ಪಿಕ್ಸೆಲ್ ಕೆಳಗಿದೆ, 0142 ನಂಬರ್ 411ರಲ್ಲಿದೆ. ಎರಡೂ ಒಂದೇ ಸಾಲು. 0143 ಇರುವುದು 448ರಲ್ಲಿ. ಆ ಎತ್ತರದಲ್ಲಿ ಎಡಕ್ಕೆ ಯಾವ ಗುರುತೂ ಇಲ್ಲ. ಹಾಗಾದರೆ ಅದು ಮೇಲಿನ ಗುರುತಿಗೇ ಸೇರಿದ್ದು. ಎಂ 485ರಲ್ಲಿ, 0178 ಕೂಡ 485ರಲ್ಲಿ. ಪದಗಳು ಓದಿಬಂದ ಕ್ರಮವನ್ನು ನಂಬದೆ ಎತ್ತರ ನೋಡಿ ಜೋಡಿಸಿದ್ದರೆ ಸರಿಹೋಗುತ್ತಿತ್ತು.

ಆದರೆ ಇದಕ್ಕೂ ಒಂದು ಷರತ್ತಿದೆ. ಫೋಟೋ ನೆಟ್ಟಗಿರಬೇಕು. ಈ ಕಾರ್ಡಿನಲ್ಲಿ ಗುರುತಿಗೂ ನಂಬರಿಗೂ ನಡುವೆ 300 ಪಿಕ್ಸೆಲ್ ದೂರ. ಫೋನನ್ನು ಬರೀ 5 ಡಿಗ್ರಿ ಓರೆಯಾಗಿ ಹಿಡಿದರೂ ಅಷ್ಟು ದೂರದಲ್ಲಿ ನಂಬರ್ ಸುಮಾರು 26 ಪಿಕ್ಸೆಲ್ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಸಾಲಿಗೂ ಸಾಲಿಗೂ ಇರುವ ಅಂತರವೇ 37. ಅದರ ಅರ್ಧಕ್ಕಿಂತ ಜಾಸ್ತಿ ಸರಿದರೆ ಹತ್ತಿರದ ಗುರುತು ಎಂದರೆ ಪಕ್ಕದ ಸಾಲಿನ ಗುರುತೇ ಆಗಿಬಿಡುತ್ತದೆ! ಅದಕ್ಕೇ ಕಾರ್ಡಿನ ನಾಲ್ಕು ಮೂಲೆ ಹುಡುಕಿ, ಚಿತ್ರವನ್ನು ನೆಟ್ಟಗೆ ಮಾಡಿ, ಆಮೇಲೆ ಓದಬೇಕು. ಬಿಳಿ ಕಾರ್ಡನ್ನು ಬಿಳಿ ಮೇಜಿನ ಮೇಲಿಟ್ಟು ಫೋಟೋ ತೆಗೆದರೆ ಆ ಮೂಲೆಗಳೇ ಸಿಗುವುದಿಲ್ಲ. ಕೆಳಗೆ ಗಾಢ ಬಣ್ಣದ ಏನಾದರೂ ಹಾಕಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಗುರುತಿನ ಬದಲು ಚಿಕ್ಕ ಚಿತ್ರ ಹಾಕಿದ ಕಾರ್ಡುಗಳದ್ದು ಇನ್ನೊಂದು ಗೋಳು. ರಿಸೀವರ್ ಚಿತ್ರ, ಲಕೋಟೆ ಚಿತ್ರ. ಅಕ್ಷರ ಹುಡುಕುವ ಸಾಫ್ಟ್‌ವೇರ್ ಅವನ್ನು ಬಿಟ್ಟೇ ಬಿಡುತ್ತದೆ, ಇಲ್ಲವೇ ಯಾವುದೋ ಅಕ್ಷರ ಎಂದುಕೊಳ್ಳುತ್ತದೆ.

ಇಮೇಲ್ ಮತ್ತು ಹೆಸರಿನ ವಿಷಯದಲ್ಲಿ ಒಂದು ಅನುಕೂಲವಿದೆ. ಇವೆರಡೂ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಸಣ್ಣಕ್ಷರದ ಆರ್ ಮತ್ತು ಎನ್ ಅಂಟಿಕೊಂಡರೆ ಎಂ ಥರ ಕಾಣುತ್ತವೆ. ಹಾಗಾಗಿ `arnav@example.com` ಎಂಬುದು `amav@example.com` ಆಗಿ ಬರುತ್ತದೆ. ಇಮೇಲ್ ಅಂತ ನೋಡಿದರೆ ಇದರಲ್ಲಿ ಏನೂ ಕೊರತೆ ಇಲ್ಲ. ಅಟ್ ಚಿಹ್ನೆ ಇದೆ, ಡಾಟ್ ಇದೆ, ಫೀಲ್ಡ್ ಒಪ್ಪಿಕೊಳ್ಳುತ್ತದೆ. ಆದರೆ ಅದೇ ಕಾರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಅರ್ನವ್ ಎಂದು ಹೆಸರಿದೆ. ದೊಡ್ಡಕ್ಷರದಲ್ಲಿ ಈ ಗೊಂದಲ ಆಗುವುದು ಕಡಿಮೆ. ಹೆಸರಿಗೂ ಇಮೇಲಿಗೂ ಒಂದಕ್ಷರ ವ್ಯತ್ಯಾಸ ಕಂಡರೆ ಅಲ್ಲೇ ನಿಂತು ನೋಡಬೇಕು.

ಫೋನ್ ನಂಬರಿಗೆ ಈ ಭಾಗ್ಯ ಇಲ್ಲ. ಪುಸ್ತಕದ ಐಎಸ್‌ಬಿಎನ್ ಸಂಖ್ಯೆಯಲ್ಲಿ ಕೊನೆಯ ಅಂಕಿ ಇರುವುದೇ ಉಳಿದವು ಸರಿಯಿವೆಯಾ ಎಂದು ಪರೀಕ್ಷಿಸುವುದಕ್ಕೆ. ಫೋನ್ ನಂಬರಿನಲ್ಲಿ ಅಂಥ ಅಂಕಿ ಇಲ್ಲ. 3 ಇದ್ದದ್ದು 8 ಆದರೂ ಅದು ಇನ್ಯಾರದೋ ನಂಬರಿನ ಥರವೇ ಕಾಣುತ್ತದೆ. ಎಷ್ಟಂಕಿ ಇವೆ ಎಂದು ಎಣಿಸಬಹುದು, ಅಷ್ಟೇ.

ಇಷ್ಟೆಲ್ಲ ನೋಡಿದ ಮೇಲೆ ನಾನು ಹೇಳುವುದು ಇದು. ಸಂಶಯ ಇದ್ದರೆ ಫೀಲ್ಡನ್ನು ಖಾಲಿ ಬಿಡಬೇಕು. ಖಾಲಿ ಇದ್ದರೆ ನಾನು ಕಾರ್ಡ್ ನೋಡಿ ತುಂಬುತ್ತೇನೆ, ಅರ್ಧ ನಿಮಿಷದ ಕೆಲಸ. ತುಂಬಿದ ಫೀಲ್ಡನ್ನು ಯಾರೂ ತಿರುಗಿ ನೋಡುವುದಿಲ್ಲ, ಅಲ್ವಾ? ಆ ಕಾರ್ಡಿನಲ್ಲಿ ಗುರುತು ಮೂರು, ನಂಬರ್ ನಾಲ್ಕು ಎಂದಾಗಲೇ ಸಾಫ್ಟ್‌ವೇರ್ ನಿಲ್ಲಬೇಕಿತ್ತು. ನಾಲ್ಕನ್ನೂ ಗುರುತಿಲ್ಲದೆ ಇಟ್ಟು, ಇವು ಯಾವುವು ನೀವೇ ಹೇಳಿ ಎಂದಿದ್ದರೆ ಮೂರು ಮೆಸೇಜ್ ಸುಮ್ನೆ ಹಾಳಾಗುತ್ತಿರಲಿಲ್ಲ.

ಇನ್ನೊಂದು ಮಾತು, ಇಂಥ ಸಾಫ್ಟ್‌ವೇರ್ ಮಾಡುವವರಿಗೆ. ಪ್ರತಿ ಫೀಲ್ಡಿನ ಪಕ್ಕದಲ್ಲೂ ಕಾರ್ಡಿನ ಆ ತುಣುಕನ್ನು ತೋರಿಸಿ. ಬರೀ ನಂಬರಿನ ತುಣುಕು ಸಾಲದು. ಎಡಗಡೆಯ ಗುರುತೂ ಸೇರಿದಂತೆ ಇಡೀ ಸಾಲು ಕಾಣಬೇಕು. ನಾನು ಆವತ್ತು ನಂಬರನ್ನು ಮಾತ್ರ ಹೋಲಿಸಿದಾಗ ಎಲ್ಲ ಸರಿಯಾಗಿಯೇ ಕಂಡಿತ್ತು.

ಈಗ ಕಾರ್ಡ್ ಕೈಗೆ ಬಂದರೆ ಮೊದಲು ಗುರುತು ಎಷ್ಟು, ನಂಬರ್ ಎಷ್ಟು ಎಂದು ಎಣಿಸುತ್ತೇನೆ. ಆಮೇಲೆ ಮೊಬೈಲ್ ಎಂದು ತುಂಬಿದ್ದನ್ನು ಗುರುತಿನ ಮೇಲೆ ಬೆರಳಿಟ್ಟು ಅಡ್ಡಕ್ಕೆ ಓದುತ್ತೇನೆ. ಫೋಟೋವನ್ನು ಆ ಕಾಂಟ್ಯಾಕ್ಟಿನ ಜೊತೆಗೇ ಇಡುತ್ತೇನೆ, ಅಳಿಸುವುದಿಲ್ಲ.