ಅವ್ವನಿಗೆ ಕಾಯಿಲೆ, ನನಗೆ ಆಕ್ಷೇಪಣೆ

ನಮ್ಮ ಅವ್ವನಿಗೆ 76 ವರ್ಷ. ಬೆನ್ನುಮೂಳೆಯ ಬುಡದಲ್ಲಿ ಒಂದು ಗಡ್ಡೆ, ಹೆಸರು ಕಾರ್ಡೋಮಾ. ನಿಧಾನವಾಗಿ ಬೆಳೆಯುವ ಜಾತಿ, ಆದ್ರೆ ಹಟಮಾರಿ. ಮಾಮೂಲಿ ರೇಡಿಯೇಷನ್‌ಗೆ ಸುಲಭಕ್ಕೆ ಬಗ್ಗಲ್ಲ, ಆಪರೇಷನ್ ಮಾಡಿದ್ರೆ ಆ ಜಾಗದ ನರಗಳಿಗೆ ಪೆಟ್ಟು ಬೀಳುವ ಭಯ. ಗಡ್ಡೆಗೆ ಗುರಿಯಿಟ್ಟು ಕಣ ಹಾಯಿಸುವ ಪ್ರೋಟಾನ್ ಚಿಕಿತ್ಸೆ ಚೆನ್ನೈಯಲ್ಲೂ ಇದೆ, ಮುಂಬೈಯಲ್ಲೂ ಇದೆ. ಅವ್ವನಿಗೆ ಡಾಕ್ಟರು ಹೇಳಿದ್ದು ಮಾತ್ರ ಅದಕ್ಕಿಂತ ಭಾರದ ಕಣದ ಕಾರ್ಬನ್ ಅಯಾನ್ ಚಿಕಿತ್ಸೆ, ಅದು ಇಲ್ಲಿಲ್ಲ, ಜಪಾನಿಗೋ ಜರ್ಮನಿಗೋ ಹೋಗಬೇಕು. ಜರ್ಮನಿಯ ಆಸ್ಪತ್ರೆ ಒಪ್ಪಿಕೊಂಡಿತು. ಖರ್ಚಿಗೆ ಮೂರು ವರ್ಷದ ಕರಿಮೆಣಸು ಮತ್ತು ತೋಟದ ಒಂದು ತುಂಡು ಹೋಯಿತು, ಆ ವಿಷಯ ಬೇಡ ಬಿಡಿ.

ದುಡ್ಡು ಹೊಂದಿಸಿದವನಿಗೆ ರಜೆ ಹೊಂದಿಸೋದು ಯಾವ ಲೆಕ್ಕ ಅಂದ್ಕೊಂಡಿದ್ದೆ. ನಾನು ಕೊಡಗಿನ ಒಂದು ಸರ್ಕಾರಿ ಕಚೇರಿಯ ನೌಕರ. ಖಾತೆಯಲ್ಲಿ 112 ದಿನ ಗಳಿಕೆ ರಜೆ ಕೂತಿತ್ತು.

ಆಸ್ಪತ್ರೆಯ ಪತ್ರ ಜೂನ್ 30ಕ್ಕೆ ಬಂತು. ಆಗಸ್ಟ್ 25ಕ್ಕೆ ಪ್ಲಾನಿಂಗ್ ಸ್ಕ್ಯಾನು. ಆಮೇಲೆ ಎರಡು ವಾರ ಅವರ ಲೆಕ್ಕಾಚಾರ. ಸೆಪ್ಟೆಂಬರ್ 8ರ ಸೋಮವಾರದಿಂದ ವಾರಕ್ಕೆ ಐದರಂತೆ 16 ಸಿಟ್ಟಿಂಗು, ಅಂದ್ರೆ 29ಕ್ಕೆ ಮುಗಿಯುತ್ತೆ. ಅಕ್ಟೋಬರ್ 3 ಜರ್ಮನಿಯಲ್ಲಿ ರಾಷ್ಟ್ರೀಯ ರಜೆ, ಹಾಗಾಗಿ ಕೊನೆಯ ತಪಾಸಣೆ 6ಕ್ಕೆ. ಆಗಸ್ಟ್ 22ಕ್ಕೆ ಹೊರಟು ಅಕ್ಟೋಬರ್ 8ಕ್ಕೆ ವಾಪಸ್ಸು, ಒಟ್ಟು 48 ದಿನ. ಅರ್ಜಿ ಬರೆದು, ಪತ್ರ ಲಗತ್ತಿಸಿ, ಜುಲೈ 3ಕ್ಕೆ ಕೊಟ್ಟೆ.

ನಮ್ಮ ವಿಷಯ ನಿರ್ವಾಹಕರು ಒಳ್ಳೆಯ ಮನುಷ್ಯ. ಅರ್ಜಿ ಓದಿ ನಿಜವಾಗಿಯೂ ಬೇಜಾರು ಮಾಡಿಕೊಂಡರು. "ಛೆ, ನಿಮಗೇ ಕಾಯಿಲೆ ಆಗಿದ್ರೆ ಎಷ್ಟು ಸುಲಭ ಇತ್ತು ಸರ್" ಅಂದರು.

ಅವರು ಹೇಳಿದ್ದು ತಪ್ಪಲ್ಲ. ನೌಕರನಿಗೇ ಕಾಯಿಲೆ ಬಂದ್ರೆ ವೈದ್ಯಕೀಯ ಪ್ರಮಾಣ ಪತ್ರದ ಮೇಲೆ ಪರಿವರ್ತಿತ ರಜೆ ಇದೆ. ಮಕ್ಕಳಿಗಾದ್ರೆ, ಮಹಿಳಾ ನೌಕರರಿಗೆ 180 ದಿನ ಶಿಶುಪಾಲನಾ ರಜೆ ಇದೆ. ಹೆತ್ತವರ ಹೆಸರಲ್ಲಿ ಮಾತ್ರ ಒಂದು ಕಾಲಮ್ಮೂ ಇಲ್ಲ. ಕೇಂದ್ರದ ನೌಕರರ ಬಗ್ಗೆ ಇದೇ ಪ್ರಶ್ನೆ 2025ರ ಜುಲೈಯಲ್ಲಿ ರಾಜ್ಯಸಭೆಗೆ ಹೋಗಿತ್ತು. ವರ್ಷಕ್ಕೆ 30 ದಿನ ಗಳಿಕೆ ರಜೆ ಇದೆಯಲ್ಲ, ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಳ್ಳೋದೂ ಸೇರಿ ಯಾವ ಸ್ವಂತ ಕಾರಣಕ್ಕಾದ್ರೂ ಬಳಸಿಕೊಳ್ಳಬಹುದು ಅಂತ ಉತ್ತರ ಬಂತು. ನೆಂಟರ ಮದುವೆಯೂ ಸ್ವಂತ ಕಾರಣ, ಅವ್ವನ ಗಡ್ಡೆಯೂ ಸ್ವಂತ ಕಾರಣ.

ಜುಲೈ 18ಕ್ಕೆ ಆಕ್ಷೇಪಣೆ ಬಂತು. ಮೊದಲನೆಯದು: ವೀಸಾ ಪ್ರತಿ ಲಗತ್ತಿಸಿಲ್ಲ.

ವೀಸಾ ಕೇಂದ್ರದ ಪಟ್ಟಿ ತೆಗೆದೆ. ಪಾಸ್‌ಪೋರ್ಟು, ಬ್ಯಾಂಕ್ ಸ್ಟೇಟ್‌ಮೆಂಟು, ಆಸ್ಪತ್ರೆಯ ದೃಢೀಕರಣ, ಚಿಕಿತ್ಸೆಯ ಖರ್ಚಿಗೆ ಆಧಾರ. ಉದ್ಯೋಗಿಯಾಗಿದ್ದರೆ, ಮಂಜೂರಾದ ರಜೆಯ ಪತ್ರ.

ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ವೀಸಾ ಕೊಟ್ಟರೆ ರಜೆ. ರಜೆ ಕೊಟ್ಟರೆ ವೀಸಾ. ಆಸ್ಪತ್ರೆಯವರದ್ದು ಬೇರೆ, ಮುಂಗಡ ಕಟ್ಟಿದ ಮೇಲಷ್ಟೇ ದಿನಾಂಕ ಖಾಯಂ. ಯೋಚಿಸಿದ್ರೆ ಎಲ್ಲರಿಗೂ ಅವರವರ ಭಯ. ಜರ್ಮನಿಯವರಿಗೆ ನಾನು ವಾಪಸ್ ಬರಲ್ಲ ಅನ್ನೋ ಭಯ, ರಜೆ ಪತ್ರ ಕೇಳೋದು ಅದಕ್ಕೇ, ಊರಲ್ಲಿ ಇವನಿಗೊಂದು ಕೆಲಸ ಕಾಯ್ತಾ ಇದೆ ಅಂತ ತಿಳಿಯೋಕೆ. ನಮ್ಮ ಕಚೇರಿಗೆ ನಾನು ಹೋಗೋದೇ ಇಲ್ಲ, ರಜೆ ಹಾಕಿ ತೋಟದಲ್ಲಿ ಗೊಬ್ಬರ ಹಾಕಿಸ್ತೀನಿ ಅನ್ನೋ ಭಯ. ಗಡ್ಡೆಗೆ ಮಾತ್ರ ಯಾರ ಭಯವೂ ಇಲ್ಲ, ಅದು ಆರಾಮಾಗಿ ಬೆಳೀತಾ ಇತ್ತು.

ಎರಡನೇ ಆಕ್ಷೇಪಣೆ, ಆಸ್ಪತ್ರೆಯ ಪತ್ರ ಜರ್ಮನ್ ಭಾಷೆಯಲ್ಲಿದೆ, ದೃಢೀಕೃತ ಕನ್ನಡ ಅನುವಾದ ಸಲ್ಲಿಸುವುದು. ಕನ್ನಡದ ಮೇಲಿನ ಪ್ರೀತಿಗೆ ನಾನು ವಿರೋಧಿಯಲ್ಲ. ಆದ್ರೆ ಪತ್ರದ ಎರಡನೇ ಪುಟ ಪೂರ್ತಿ ಇಂಗ್ಲಿಷಿನಲ್ಲೇ ಇತ್ತು. ಪುಟ ತಿರುಗಿಸಬೇಕಿತ್ತು, ಅಷ್ಟೇ.

ಈ ಗಂಟು ಬಿಡಿಸಿದವರು ವಿರಾಜಪೇಟೆಯ ಒಬ್ಬ ನಿವೃತ್ತ ಸೂಪರಿಂಟೆಂಡೆಂಟರು. ಸುರಿಯೋ ಮಳೆಯಲ್ಲಿ ಹೋಗಿದ್ದೆ, ಕರೆಂಟ್ ಇರಲಿಲ್ಲ, ಮೇಣದಬತ್ತಿ ಹಚ್ಚಿಕೊಂಡು ಕಾಗದ ಓದಿದರು. "ಒಂದೇ ಅರ್ಜಿಯಲ್ಲಿ ಎರಡು ಕೇಳಿದ್ದೀರಲ್ಲ ಮಾರಾಯ್ರೆ. ವಿದೇಶಕ್ಕೆ ಹೋಗೋ ಅನುಮತಿ ಬೇರೆ ಕೇಳಿ, ರಜೆ ಬೇರೆ ಕೇಳಿ. ರಜೆ ಅರ್ಜಿಯಲ್ಲಿ 'ವೀಸಾ ದೊರೆಯುವ ಷರತ್ತಿಗೆ ಒಳಪಟ್ಟು ಮಂಜೂರು ಮಾಡಬೇಕು' ಅಂತ ಹಾಕಿ, ಸಿಕ್ಕ ತಕ್ಷಣ ಪ್ರತಿ ಕೊಡ್ತೀನಿ ಅಂತ ಮುಚ್ಚಳಿಕೆ ಬರೆದುಕೊಡಿ. ಷರತ್ತಿದ್ರೆ ಸಹಿ ಹಾಕೋರಿಗೆ ಧೈರ್ಯ" ಅಂದರು. ಆಮೇಲೆ 48ರ ಮೇಲೆ ಬೆರಳಿಟ್ಟರು. "60 ಕೇಳಿ. ಅಲ್ಲಿ ಮೆಷಿನ್ ಎರಡು ದಿನ ಕೆಟ್ಟರೆ ಏನ್ ಮಾಡ್ತೀರಿ? ಬೇಗ ಬಂದು ಉಳಿದ ರಜೆ ರದ್ದು ಮಾಡಿಸೋದು ಒಂದು ಕಾಗದ. ಅಲ್ಲಿಂದ ವಿಸ್ತರಣೆ ಕೇಳೋದು ಒಂದು ಫೈಲು."

ಷರತ್ತಿನ ಆದೇಶ ಜುಲೈ 30ಕ್ಕೆ ಕೈಗೆ ಬಂತು, ಅಕ್ಟೋಬರ್ 20ರವರೆಗೆ. ಮುಂಗಡ ಕಟ್ಟಿದೆ. ಇನ್ನು ಕ್ಯಾಲೆಂಡರ್ ಜತೆ ಓಟ. ಜರ್ಮನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೇಪಕ್ಷ 15 ದಿನ ಮೊದಲು ಹಾಕಲೇಬೇಕು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಅನುಮಾನ ಬಂದ್ರೆ 45ರವರೆಗೂ ಎಳೆಯಬಹುದು. ಅರ್ಜಿ ಕೊಡೋಕೆ ನಮಗೆ ಆಗಸ್ಟ್ 4 ಸಿಕ್ಕಿತು. ಹೊರಡೋಕೆ 18 ದಿನ.

ಇದರ ಜತೆಗೆ ವಿಮೆ. ಕನಿಷ್ಠ 30,000 ಯೂರೋದ ಪ್ರವಾಸ ವಿಮೆ ಕಡ್ಡಾಯ. ಕಟ್ಟಿದೆ. ಸಣ್ಣ ಅಕ್ಷರ ಓದಿದ್ರೆ, ಮೊದಲೇ ಇರುವ ಕಾಯಿಲೆಗೆ ಅನ್ವಯಿಸಲ್ಲ. ಅಂದ್ರೆ ಜರ್ಮನಿಯಲ್ಲಿ ಅವ್ವ ಜಾರಿ ಬಿದ್ದು ಕೈ ಮುರ್ಕೊಂಡ್ರೆ ದುಡ್ಡು ಬರುತ್ತೆ, ಯಾವುದಕ್ಕೆ ಹೋಗಿದ್ದೀವೋ ಅದಕ್ಕೆ ಬರಲ್ಲ.

ಬೆರಳಚ್ಚಿಗೆ ಅವ್ವ ಖುದ್ದು ಬರಬೇಕು. ಬೆಂಗಳೂರಿಗೆ ಸುಮಾರು 250 ಕಿಲೋಮೀಟರು, ನಮ್ಮ ಜಿಲ್ಲೆಗೆ ರೈಲಿಲ್ಲ. ಕೂತರೆ ನೋವು, ಅದಕ್ಕೆ ಕಾರಿನ ಹಿಂದಿನ ಸೀಟಲ್ಲಿ ಎಡಮಗ್ಗುಲಿಗೆ ಮಲಗಿಸಿಕೊಂಡು ಹೋದೆವು. ಐವತ್ತು ವರ್ಷ ಕಾಫಿ ಕುಯ್ದ ಬೆರಳು, ಗೆರೆಯೆಲ್ಲ ಸವೆದು ನುಣ್ಣಗಾಗಿದೆ. ಗಾಜಿನ ಮೇಲೆ ಇಟ್ಟರೆ ಪರದೆಯಲ್ಲಿ ಬೂದಿ ಬಣ್ಣದ ಒಂದು ಮಚ್ಚೆ ಮಾತ್ರ. ಹುಡುಗಿ ಟಿಶ್ಯೂವಿನಲ್ಲಿ ಒರೆಸಿದಳು, ಲೋಷನ್ ಸವರಿದಳು, "ಅಜ್ಜಿ, ಸ್ವಲ್ಪ ಜೋರಾಗಿ ಒತ್ತಿ" ಅಂದಳು. ಅವ್ವ ಒತ್ತಿದಳು. ಏಳನೇ ಸಲಕ್ಕೆ ಹಸಿರು ದೀಪ ಬಂತು. "ರೇಷನ್ ಅಂಗಡಿಯಲ್ಲೂ ಇದೇ ಕತೆ ಮಗ, ಅಲ್ಲಿ ಅಕ್ಕಿಯಾದ್ರೂ ಕೊಡ್ತಾರೆ" ಅಂದಳು ಅವ್ವ.

ಪಾಸ್‌ಪೋರ್ಟ್ ಆಗಸ್ಟ್ 20ರ ಸಂಜೆ ಬಂತು. ಕೊರಿಯರ್ ಹುಡುಗ ರೇನ್‌ಕೋಟಿನ ಒಳಗಿಂದ ತೆಗೆದುಕೊಟ್ಟ. ಮಾರನೇ ದಿನ ವೀಸಾ ಪ್ರತಿ ಕಚೇರಿಗೆ ಮುಟ್ಟಿಸಿ, ಅದರ ಮಾರನೇ ದಿನ ಹಾರಿದೆವು. 16 ಸಿಟ್ಟಿಂಗು ಆಯ್ತು. ಸೂಪರಿಂಟೆಂಡೆಂಟರ ಬಾಯಲ್ಲಿ ಏನಿತ್ತೋ, ನಡುವೆ ಮೆಷಿನ್ ದುರಸ್ತಿಗೆ ಎರಡು ದಿನ ಹೋಯಿತು. ಕೊನೆಯ ತಪಾಸಣೆ 8ಕ್ಕೆ ಜರುಗಿ, 10ಕ್ಕೆ ಬಂದಿಳಿದೆವು.

ಸೋಮವಾರ ಹಾಜರಾಗೋಕೆ ಹೋದೆ. ನಮ್ಮ ವಿಷಯ ನಿರ್ವಾಹಕರು ಅವ್ವನ ಆರೋಗ್ಯ ವಿಚಾರಿಸಿದರು, ಸಂತೋಷಪಟ್ಟರು, ಫೈಲು ಬಿಡಿಸಿದರು. "ವೈದ್ಯಕೀಯ ಚಿಕಿತ್ಸೆಗಾಗಿ ರಜೆ ಅಂತ ಇದೆ ಸರ್. ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಲ್ಲ."

"ಕಾಯಿಲೆ ನನಗಲ್ಲ, ಅವ್ವನಿಗೆ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಹಾಗಾದ್ರೆ ಅವರದ್ದೇ ಕೊಡಿ."

ರಾತ್ರಿ ಹೇಳಿದೆ. ಅವ್ವ ಎಡಮಗ್ಗುಲಿಗೆ ಮಲಗಿದ್ದಳು, ತಲೆ ಎತ್ತಿ ಕೇಳಿದಳು, "ನಾನು ಎಷ್ಟು ಗಂಟೆಗೆ ಹೋಗ್ಬೇಕಂತೆ ಆಫೀಸಿಗೆ?"