ತೊಂಬತ್ತೇಳಾದರೂ ಕ್ರಿಯಾಪದ ಬರಲಿಲ್ಲ

"ಸ್ವಲ್ಪ ಚಿಕ್ಕದು ಮಾಡಿಕೊಡು ತಮ್ಮಾ" ಎಂದು ರಾತ್ರಿ ಹತ್ತೂವರೆಗೆ ಯಾರಾದರೂ ವಾಟ್ಸಾಪ್ ಮಾಡಿದರೆ ನನಗೆ ಕೋಪ ಬರುವುದು 'ಚಿಕ್ಕದು' ಎಂಬುದರ ಮೇಲಲ್ಲ, ಆ 'ಸ್ವಲ್ಪ'ದ ಮೇಲೆ. ನಿನ್ನೆ ಬಂದದ್ದು ಎರಡೂವರೆ ಪುಟ. ಆಗಬೇಕಾದದ್ದು ಮೂರು ಸಾಲು. ಇದು ಸ್ವಲ್ಪವೇ? ಹಲಸಿನಕಾಯಿ ಕೊಟ್ಟು ಇದನ್ನು ಸ್ವಲ್ಪ ಏಲಕ್ಕಿ ಮಾಡಿಕೊಡು ಅಂದ ಹಾಗಾಯಿತು.

ಕಳಿಸಿದವರು ಸಾಗರದ ಕಡೆಯ ಒಬ್ಬ ಅಕ್ಕ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಮಗಳು ಇನ್‌ಸ್ಟಾಗ್ರಾಂ ಖಾತೆ ತೆರೆದುಕೊಟ್ಟಿದ್ದಾಳೆ. ಹೆಸರಿನ ಕೆಳಗೆ ಪರಿಚಯ ಬರೆಯುವ ಆ ಪುಟ್ಟ ಡಬ್ಬಿ ಖಾಲಿ ಉಳಿದಿದೆ. ಅಲ್ಲಿಗೆ ಹಿಡಿಯುವುದು 150 ಅಕ್ಷರ. ಎಕ್ಸ್‌ನಲ್ಲಾದರೆ 160, ವಾಟ್ಸಾಪಿನ ಪರಿಚಯದ ಸಾಲಿನಲ್ಲಿ 139. ಅಕ್ಕನ ಪುರಾಣ ಶುರುವಾಗುವುದು ಹೀಗೆ:

"ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಪುಟ್ಟ ಹಳ್ಳಿಯ ಸಾಂಪ್ರದಾಯಿಕ ಕೃಷಿಕ ಕುಟುಂಬದಲ್ಲಿ ಹುಟ್ಟಿ ಬೆಳೆದ ನಾನು"

ಎಣಿಸಿ ನೋಡಿ. ಇಷ್ಟಕ್ಕೇ 97 ಮುಗಿಯಿತು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಮೂರರಲ್ಲಿ ಎರಡು ಪಾಲು ಜಾಗ ಖಾಲಿಯಾದರೂ ಅಕ್ಕ ಹುಟ್ಟಿ ಬೆಳೆದು ಅಲ್ಲೇ ನಿಂತಿದ್ದಾರೆ, ಇನ್ನೂ ಏನೂ ಮಾಡಿಲ್ಲ.

"97 ಎಲ್ಲಿಂದ ಬಂತು? ನಾನು ಎಣಿಸಿದರೆ ಐವತ್ತೂ ಆಗುವುದಿಲ್ಲ" ಎಂದು ಅಕ್ಕ ಜಗಳಕ್ಕೇ ಬಂದರು. ಅವರ ತಪ್ಪಲ್ಲ. ಶಾಲೆಯಲ್ಲಿ ನಮಗೆ ಕಲಿಸಿದ ಅಕ್ಷರವೇ ಬೇರೆ, ಫೋನು ಎಣಿಸುವ ಅಕ್ಷರವೇ ಬೇರೆ. ಯೂನಿಕೋಡಿನಲ್ಲಿ ವ್ಯಂಜನ ಒಂದು, ಅದರ ಸ್ವರಚಿಹ್ನೆ ಇನ್ನೊಂದು, ಅನುಸ್ವಾರ ಮತ್ತೊಂದು. ಒತ್ತಕ್ಷರ ಬಂದರಂತೂ ನಡುವೆ ಕಣ್ಣಿಗೆ ಕಾಣದ ಹಲಂತ ಕುಳಿತಿರುತ್ತದೆ, ಅದಕ್ಕೂ ಟಿಕೆಟ್ಟು. ಹಾಗಾಗಿ 'ಮೈಸೂರು' ನಮಗೆ ಮೂರಕ್ಷರ, ಫೋನಿಗೆ ಆರು. 'ಸ್ತ್ರೀ' ನಮಗೆ ಒಂದೇ ಅಕ್ಷರ, ಫೋನಿಗೆ ಅದೂ ಆರು. ಸ, ಹಲಂತ, ತ, ಮತ್ತೊಂದು ಹಲಂತ, ರ, ಕೊನೆಗೆ ದೀರ್ಘ. ನಂಬಿಕೆಯಿಲ್ಲದವರು 'ಸ್ತ್ರೀ' ಎಂದು ಟೈಪ್ ಮಾಡಿ ಅಳಿಸುವ ಗುಂಡಿಯನ್ನು ಮೆಲ್ಲಗೆ ಒಂದೊಂದೇ ಸಲ ಒತ್ತಿ ನೋಡಿ, ಹೆಚ್ಚಿನ ಕೀಲಿಮಣೆಗಳಲ್ಲಿ ಸೀರೆಯ ನೆರಿಗೆ ಬಿಚ್ಚಿದಂತೆ ಒಂದೊಂದೇ ಕಳಚುತ್ತದೆ. ಇಷ್ಟಕ್ಕೂ 'ಸ್ವಲ್ಪ' ಎಂಬ ಪದವೇ ಆರು ಚಿಹ್ನೆ ನುಂಗುತ್ತದೆ. ಹೇಳಿಕೊಳ್ಳುವುದಕ್ಕೆ ಮಾತ್ರ ಸ್ವಲ್ಪ.

ಇದನ್ನೆಲ್ಲ ವಿವರಿಸಿ, "ಸಾಂಪ್ರದಾಯಿಕ ತೆಗೆಯೋಣ ಅಕ್ಕ, ಅದೊಂದಕ್ಕೇ 11 ಹೋಗುತ್ತದೆ" ಎಂದೆ. ಆಗ ಶುರುವಾಯಿತು ನೋಡಿ ಚೌಕಾಸಿ.

"ಸಾಂಪ್ರದಾಯಿಕ ತೆಗೆದರೆ ನಾವು ಯಾರೋ ಏನೋ ಅಂದುಕೊಳ್ಳುತ್ತಾರೆ."

"ಸರಿ, 'ಪುಟ್ಟ' ತೆಗೆಯೋಣ."

"ಹಳ್ಳಿ ಪುಟ್ಟದೇ ಇದೆಯಲ್ಲ! ಹನ್ನೊಂದು ಮನೆ."

"ಹಾಗಾದರೆ 'ಒಂದು' ತೆಗೆಯೋಣ. ಇಬ್ಬರಿಗೂ ಗೊತ್ತಿದೆ, ಎರಡು ಹಳ್ಳಿಯಲ್ಲಿ ಹುಟ್ಟಲು ಆಗುವುದಿಲ್ಲ."

ಹತ್ತು ನಿಮಿಷ ಸುದ್ದಿಯಿಲ್ಲ. ಒಪ್ಪಿದರು ಅಂದುಕೊಂಡೆ. ಆಮೇಲೆ ಬಂತು ಅಕ್ಕನದೇ ಪರಿಹಾರ. ಒಂದು ಪದವನ್ನೂ ಬಿಟ್ಟಿರಲಿಲ್ಲ, ನಡುವಿನ ಖಾಲಿ ಜಾಗಗಳನ್ನು ಮಾತ್ರ ತೆಗೆದಿದ್ದರು.

"ಶಿವಮೊಗ್ಗಜಿಲ್ಲೆಯಸಾಗರತಾಲ್ಲೂಕಿನಒಂದುಪುಟ್ಟಹಳ್ಳಿಯಸಾಂಪ್ರದಾಯಿಕಕೃಷಿಕಕುಟುಂಬದಲ್ಲಿಹುಟ್ಟಿಬೆಳೆದನಾನು. ಈಗ ನೋಡು, 12 ಉಳಿಯಿತು!"

ಲೆಕ್ಕ ಸರಿಯಾಗಿಯೇ ಇತ್ತು, ಖಾಲಿ ಜಾಗವೂ ಒಂದೊಂದು ಚಿಹ್ನೆಯೇ. ಆದರೆ ಉಪ್ಪಿನಕಾಯಿ ಕೊಳ್ಳಲು ಬಂದವರು ಇದನ್ನು ನೋಡಿದರೆ ಹಲ್ಮಿಡಿಯ ಪಕ್ಕದಲ್ಲಿ ಇನ್ನೊಂದು ಶಾಸನ ಸಿಕ್ಕಿತೆಂದು ಪುರಾತತ್ವ ಇಲಾಖೆಗೆ ಫೋನು ಮಾಡಿಯಾರು. ಹಾಗೆಂದೆ. ಅಕ್ಕ ನಗುವ ಗೊಂಬೆ ಕಳಿಸಿದರು, ಜೊತೆಗೆ ಇನ್ನೂ ಎರಡು ಪ್ರಮಾಣಪತ್ರದ ಫೋಟೋ. "ಇವನ್ನೂ ಎಲ್ಲಾದರೂ ಸೇರಿಸು."

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ದೊಡ್ಡ ಕಥೆಯನ್ನು ಚಿಕ್ಕದು ಮಾಡಲು ಮೊದಲ ಸಾಲಿನಿಂದ ಕತ್ತರಿಸುತ್ತ ಬರುವುದು ಮೂರ್ಖತನ. ಹಾಗೆ ಮಾಡಿದರೆ ಕೊನೆಗೆ ಉಳಿಯುವುದು ಸಣ್ಣದಾದ ಜಾತಕ. ಹುಟ್ಟಿದ್ದು ಇಲ್ಲಿ, ಓದಿದ್ದು ಅಲ್ಲಿ, ನೆಲೆಸಿದ್ದು ಮತ್ತೆಲ್ಲೋ, ಹವ್ಯಾಸ ಓದು, ಬರಹ, ಪ್ರವಾಸ. ಕನ್ನಡದಲ್ಲಿ ಬರುವ ಕಿರುಪರಿಚಯಗಳಲ್ಲಿ ಅರ್ಧಕ್ಕರ್ಧ ಹೀಗೇ ಇರುತ್ತವೆ. ಹೆಸರು ಅದಲುಬದಲು ಮಾಡಿದರೂ ಯಾರಿಗೂ ತಿಳಿಯುವುದಿಲ್ಲ. ಓದದ, ಬರೆಯದ, ಊರು ಬಿಟ್ಟು ಕದಲದ ಮನುಷ್ಯನ ಪರಿಚಯ ಒಂದಾದರೂ ಕಣ್ಣಿಗೆ ಬಿದ್ದರೆ ಅವರನ್ನು ಹುಡುಕಿಕೊಂಡು ಹೋಗಿ ಕೈಮುಗಿಯುತ್ತೇನೆ.

ಮಾಡಬೇಕಾದದ್ದು ಬೇರೆ. ಇಡೀ ಎರಡೂವರೆ ಪುಟ ಒಮ್ಮೆ ಓದಿ, ಕಥೆ ಎಲ್ಲಿ ತಿರುಗಿತು ಎಂದು ಹುಡುಕಬೇಕು. ಯಾವ ಒಂದು ಸಂಗತಿಯನ್ನು ತೆಗೆದುಬಿಟ್ಟರೆ ಈ ಖಾತೆಯೇ ಇರುತ್ತಿರಲಿಲ್ಲವೋ ಅದು ಉಳಿಯಬೇಕು. ಸಾಗರದಲ್ಲಿ ಹುಟ್ಟದೇ ಸೊರಬದಲ್ಲಿ ಹುಟ್ಟಿದ್ದರೂ ಅಕ್ಕ ಉಪ್ಪಿನಕಾಯಿ ಹಾಕುತ್ತಿದ್ದರು, ಆದ್ದರಿಂದ ಹುಟ್ಟು ಹೋಯಿತು. ಬಿಕಾಂ ಹೋಯಿತು. ಪ್ರಮಾಣಪತ್ರಗಳೂ ಹೋದವು. 'ಶುದ್ಧ, ಮನೆಯ ರುಚಿ, ಪ್ರೀತಿಯಿಂದ ತಯಾರಿಸಿದ್ದು' ಕೂಡ ಹೋಯಿತು, ಏಕೆಂದರೆ ಅಶುದ್ಧ ಉಪ್ಪಿನಕಾಯಿಯನ್ನು ದ್ವೇಷದಿಂದ ತಯಾರಿಸಿ ಮಾರುತ್ತೇವೆಂದು ಈವರೆಗೆ ಯಾರೂ ಬರೆದುಕೊಂಡಿಲ್ಲ.

ಅಕ್ಕನ ಕಥೆ ತಿರುಗಿದ್ದು ಎರಡನೇ ಪುಟದ ಕೊನೆಯಲ್ಲಿ, ಬೆಂಗಳೂರಿನ ಮನೆ ಬಾಡಿಗೆಯ ವಿಷಯ ಮುಗಿದ ಮೇಲೆ, ಅರ್ಧ ವಾಕ್ಯದಲ್ಲಿ. "ಅಷ್ಟರಲ್ಲಿ ಅತ್ತೆಯವರಿಗೆ ಕೈ ನಡುಗಲು ಶುರುವಾಗಿದ್ದರಿಂದ ಮಿಡಿಯ ತೊಟ್ಟು ಮುರಿಯಲು ಆಗದೆ". ಅಷ್ಟೇ, ಮುಂದೆ ಜಿಎಸ್‌ಟಿಯ ವಿಷಯ. ನಾನು ಅಲ್ಲೇ ನಿಂತೆ. ನಲವತ್ತು ವರ್ಷ ಆ ಮನೆಯ ಭರಣಿ ತುಂಬಿದ ಕೈ ಅದು. ಮೊದಲ ವರ್ಷ ಅಕ್ಕ ಒಬ್ಬರೇ ಹಾಕಿದಾಗ ಮಿಡಿ ಹರಳುಪ್ಪಿನಲ್ಲಿ ಸರಿಯಾಗಿ ಮುರುಟುವ ಮೊದಲೇ ಖಾರ ಬೆರೆಸಿ, ಇಡೀ ಭರಣಿಗೆ ಬೂಷ್ಟು ಹಿಡಿದಿತ್ತಂತೆ. ಅತ್ತೆಯವರು ಏನೂ ಅನ್ನಲಿಲ್ಲವಂತೆ. ಮರುವರ್ಷ ಮಿಡಿಯ ಕಾಲಕ್ಕೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು, ಬಾಯಲ್ಲೇ ಎಲ್ಲ ಮಾಡಿಸಿದರಂತೆ. 'ಯಾರು' ಎಂಬುದು ಪುಟದ ತುಂಬ ಇತ್ತು. 'ಯಾಕೆ' ಎಂಬುದು ಬಾಡಿಗೆ ಮತ್ತು ಜಿಎಸ್‌ಟಿಯ ನಡುವೆ ಸಿಕ್ಕಿಕೊಂಡಿತ್ತು. ಯಾವಾಗಲೂ ಹೀಗೇ. ಜನ ಹೆಮ್ಮೆಯದ್ದನ್ನು ಮೊದಲು ಬರೆಯುತ್ತಾರೆ, ಕಾರಣವನ್ನು ಬೇರೆಯವರ ಮನೆಯ ಮಾತಿನಂತೆ ಬದಿಯಲ್ಲಿ ಹೇಳಿ ಮುಂದೆ ಹೋಗುತ್ತಾರೆ.

ಇಷ್ಟಾದ ಮೇಲೆ ಉಳಿದದ್ದು ಗೃಹಕೃತ್ಯದ ಲೆಕ್ಕ. ಡಬ್ಬಿಯ ಹೊರಗೆ ಇಡಬಹುದಾದದ್ದನ್ನು ಒಳಗೆ ತುಂಬಬಾರದು. ಇನ್‌ಸ್ಟಾಗ್ರಾಂನಲ್ಲಿ ಹೆಸರಿಗೆ ಬೇರೆಯೇ ಜಾಗವಿದೆ, ಹುಡುಕುವವರಿಗೆ ಸಿಗುವುದೂ ಆ ಹೆಸರಿನಿಂದ. 'ಅಪ್ಪೆಮಿಡಿ ಉಪ್ಪಿನಕಾಯಿ ಸಾಗರ' ಎಂದು ಅಲ್ಲಿ ಹಾಕಿಬಿಟ್ಟರೆ ಊರು ಮತ್ತು ಸರಕು ಎರಡೂ 150ರ ಲೆಕ್ಕದಿಂದ ಪಾರು. ಯೋಚಿಸಿ ಹಾಕಬೇಕು ಅಷ್ಟೇ, ಆ ಹೆಸರನ್ನು 14 ದಿನಕ್ಕೆ ಎರಡೇ ಸಲ ಬದಲಿಸಬಹುದು. ಆರ್ಡರ್ ಕೊಂಡಿಗೂ ಪ್ರತ್ಯೇಕ ಜಾಗವಿದೆ.

ಇನ್ನು ಕನ್ನಡವೇ ಕೊಡುವ ರಿಯಾಯಿತಿ. 'ನಾನು' ಎಂಬ ಪದ ಬೇಕಾಗಿಲ್ಲ, 'ಕಲಿತೆ' ಎಂದಾಗಲೇ ಕಲಿತದ್ದು ಯಾರೆಂದು ಗೊತ್ತಾಗುತ್ತದೆ. ಅಕ್ಕಪಕ್ಕದ ಖಾಲಿ ಜಾಗ ಸೇರಿ 'ಮತ್ತು' ತಿನ್ನುವುದು ಏಳು, ಅಲ್ಪವಿರಾಮಕ್ಕೆ ಎರಡು ಸಾಕು. 'ಏಪ್ರಿಲ್‌ನಲ್ಲಿ' ಎಂದು ಸರಿಯಾಗಿ ಕಾಣಿಸಲು ಲ್ ಮತ್ತು ನ ನಡುವೆ ಒಂದು ಅದೃಶ್ಯ ಚಿಹ್ನೆ ಹಾಕಬೇಕಾಗುತ್ತದೆ, ಅದನ್ನೂ ಎಣಿಸುತ್ತಾರೆ. ಅಜ್ಜಿಯರ ಹಾಗೆ 'ಏಪ್ರಿಲಿನಲ್ಲಿ' ಅಂದರೆ ಒಂದು ಉಳಿತಾಯ, ಕಿವಿಗೂ ಹಿತ.

ಅತಿಯಾಗಿ ಹಿಂಡಿದರೆ ಬೇರೆ ಅಪಾಯ. ನನ್ನ ಮೊದಲ ಕರಡಿನಲ್ಲಿ 'ಅತ್ತೆಯ ಭರಣಿ ಎತ್ತಿಕೊಂಡು ಬಂದವಳು' ಎಂದಿತ್ತು. ಗಟ್ಟಿಯಾಗಿ ಓದಿದಾಗ ಗೊತ್ತಾಯಿತು, ಇದು ಪರಿಚಯವಲ್ಲ, ಪೊಲೀಸ್ ದೂರು. ಅದಕ್ಕೇ ಬರೆದದ್ದನ್ನು ಕಥೆ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ, ಏನು ತಿಳಿಯಿತು ಎಂದು ಕೇಳಬೇಕು. ಕಥೆ ಗೊತ್ತಿರುವವರ ತಲೆ ಬಿಟ್ಟುಹೋದದ್ದನ್ನು ತಾನೇ ತುಂಬಿಕೊಂಡುಬಿಡುತ್ತದೆ.

ಕೊನೆಗೆ ನಿಂತದ್ದು ಇದು:

ಲೆಕ್ಕ ಬರೆಯುವ ಕೆಲಸ ಬಿಟ್ಟು ಅತ್ತೆಯ ಭರಣಿ ಹಿಡಿದವಳು.
ಅವರ ಕೈ ನಡುಗಿದಾಗ ಕಲಿತೆ, ರುಚಿ ನಿಲ್ಲಬಾರದೆಂದು.
ವರ್ಷಕ್ಕೆ 300 ಬಾಟಲಿ ಮಾತ್ರ. ಬುಕಿಂಗ್ ಏಪ್ರಿಲಿನಲ್ಲಿ.

ಸಾಲು ಮುರಿದದ್ದಕ್ಕೆ ಒಂದೊಂದು ಸೇರಿಸಿ ಒಟ್ಟು 137. ವಾಟ್ಸಾಪಿನ 139ಕ್ಕೂ ಹಿಡಿಯುತ್ತದೆ, ಎರಡು ಮಿಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ 13.

ಅಕ್ಕ ಮೊದಲು ಮುನಿದರು. "ಎರಡೂವರೆ ಪುಟ ಕೊಟ್ಟರೆ ಇಷ್ಟೇನಾ?" ಎಂದರು. "ಒಂದು ಬುಟ್ಟಿ ಮಿಡಿ ಉಪ್ಪಿನಲ್ಲಿ ಮುರುಟಿ ಎಷ್ಟಾಗುತ್ತದೆ ಅಕ್ಕ?" ಎಂದು ಕೇಳಿದೆ. ಆ ಪ್ರಶ್ನೆಗೆ ಅವರ ಬಳಿ ಉತ್ತರವಿತ್ತು, ಆದ್ದರಿಂದ ಸುಮ್ಮನಾದರು. ಆಮೇಲೆ ಅತ್ತೆಯವರಿಗೆ ಓದಿ ಹೇಳಿದರಂತೆ. ಅವರು ಕೇಳಿ, "ನನ್ನ ಕೈ ನಡುಗುವುದು ಊರಿಗೆಲ್ಲ ಯಾಕೆ?" ಎಂದರಂತೆ. ಸ್ವಲ್ಪ ಹೊತ್ತು ಬಿಟ್ಟು, "ಇರಲಿ, ಇನ್ನೊಂದು ಸಲ ಓದು" ಎಂದರಂತೆ.

ಇವತ್ತು ಬೆಳಿಗ್ಗೆ ಖಾತೆ ತೆರೆದು ನೋಡಿದೆ. ಮೂರು ಸಾಲೂ ಹಾಗೇ ಇವೆ, ಒಂದು ಚಿಹ್ನೆಯೂ ಕದಲಿಲ್ಲ. ಕೆಳಗೆ ನಾಲ್ಕನೆಯದೊಂದು ಬಂದು ಕುಳಿತಿದೆ: 'ಹವ್ಯಾಸ: ಓದು'. ಬರಹ ಮತ್ತು ಪ್ರವಾಸಕ್ಕೆ ಜಾಗ ಸಾಲಲಿಲ್ಲವಂತೆ. ಈಗ ಒಟ್ಟು 149. ಒಂದು ಉಳಿದಿದೆಯಲ್ಲ, ಅದನ್ನು ಯಾಕೆ ಸುಮ್ಮನೆ ಬಿಡಬೇಕು, ಪೂರ್ಣವಿರಾಮ ಹಾಕಿಬಿಡಲಾ ಎಂದು ಕೇಳಿದ್ದಾರೆ.