ನೂರಕ್ಕೆ ನೂರು ನೈಸರ್ಗಿಕ ಜುಲಾಬು

ಹೊಟ್ಟೆ ಸಾಫ್ ಮಾಡುವ ಚೂರ್ಣದ ಜಾಹೀರಾತು ನಿಮಗೂ ಬಾಯಿಪಾಠ ಆಗಿರುತ್ತೆ. ಮುಖ ಕಿವುಚಿಕೊಂಡು ಒಳಗೆ ಕೂತ ಅಪ್ಪ, ಹೊರಗೆ ಬಾಗಿಲು ಬಡಿಯುವ ಮನೆಮಂದಿ, ರಾತ್ರಿ ಒಂದು ಚಮಚ, ಬೆಳಗ್ಗೆ ಅಪ್ಪನ ಮುಖದಲ್ಲಿ ಮೋಕ್ಷದ ಕಳೆ. ಇದನ್ನು ನಾವು ಇಡ್ಲಿಗೆ ಚಟ್ನಿ ಹಚ್ಚುವ ಹೊತ್ತಿಗೇ ತೋರಿಸಬೇಕು ಅನ್ನುವುದು ಯಾವ ಶಾಸ್ತ್ರವೋ ಗೊತ್ತಿಲ್ಲ. ಕೊನೆಗೆ ಎರಡು ಅಭಯವಾಕ್ಯ. ನೂರಕ್ಕೆ ನೂರು ನೈಸರ್ಗಿಕ. ಅಭ್ಯಾಸ ಆಗೋದಿಲ್ಲ. ಅದರ ಬೆನ್ನಿಗೇ ಅಪ್ಪ ನಗುತ್ತಾ ಹೇಳುತ್ತಾನೆ, ‘ನಾನಂತೂ ದಿನಾ ತಗೋತೀನಿ!’

ಭಲೇ! ಅಭ್ಯಾಸವೇ ಆಗದ ವಸ್ತುವನ್ನು ಒಂದು ದಿನವೂ ಬಿಡದೆ ತೆಗೆದುಕೊಳ್ಳುವುದಕ್ಕೂ ಯೋಗ ಬೇಕು.

ಡಬ್ಬಿ ತಿರುಗಿಸಿ, ಕನ್ನಡಕ ಹಾಕಿಕೊಂಡು ಇರುವೆ ಸಾಲಿನಂಥ ಅಕ್ಷರ ಓದಿ. ಇಂಥ ಹೆಚ್ಚಿನ ಚೂರ್ಣಗಳಲ್ಲಿ ಸೋನಾಮುಖಿ ಎಲೆ ಇರುತ್ತೆ. ಸ್ವರ್ಣಪತ್ರಿ ಅಂತ ಬರೆದಿದ್ದರೂ ಅದೇ. ತಮಿಳುನಾಡಿನ ತಿರುನೆಲ್ವೇಲಿ ಕಡೆ ಬೆಳೆಯುವ ಗಿಡ ಇದು. ಇಂಗ್ಲಿಷ್ ಮದ್ದಿನಲ್ಲಿ ‘ಸೆನ್ನಾ’ ಮಾತ್ರೆ ಅಂತ ಕೊಡುವುದೂ ಇದರ ಸಾರವನ್ನೇ. ಅದು ದೊಡ್ಡ ಕರುಳಿಗೆ ಹೋಗುತ್ತೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆಯುತ್ತವೆ, ಒಡೆದು ಬಂದದ್ದು ಕರುಳಿನ ಗೋಡೆಯನ್ನು ಕೆರಳಿಸಿ ಹಿಂಡಿಸುತ್ತೆ. ಅದಕ್ಕೇ ಆರರಿಂದ ಹನ್ನೆರಡು ಗಂಟೆ ಬೇಕು, ಅದಕ್ಕೇ ರಾತ್ರಿಯ ಚಮಚ. ಬಿಸಾಕೊಡಿಲ್ ಮಾತ್ರೆ, ಸೋಡಿಯಂ ಪಿಕೋಸಲ್ಫೇಟ್ ಎಲ್ಲ ಇದರ ದಾಯಾದಿಗಳೇ, ಕರುಳನ್ನು ಕೆರಳಿಸುವ ಜಾತಿ. ಆದರೆ ಮಾತ್ರೆ ಅಂದರೆ ನಮಗೆ ಭಯ, ಎಲೆ ಅಂದರೆ ಭಕ್ತಿ.

ಈ ಜಾತಿ ನಮಗೇನು ಹೊಸದಲ್ಲ ಬಿಡಿ. ಶಾಲೆಗೆ ರಜೆ ಬಂತೆಂದರೆ ಅಜ್ಜಿ ಹರಳೆಣ್ಣೆ ಬಟ್ಟಲು ಹಿಡಿದು ಅಟ್ಟಾಡಿಸುತ್ತಿದ್ದ ಕಾಲ ಒಂದಿತ್ತಲ್ಲ, ಅದೂ ಇದೇ ಕುಲ. ಒಬ್ಬರು ಕೈ ಹಿಡಿಯುವುದು, ಒಬ್ಬರು ಮೂಗು ಹಿಡಿಯುವುದು, ಕುಡಿಸಿದ ಮೇಲೆ ಬಾಯಿಗೆ ಬೆಲ್ಲದ ಚೂರು. ಆ ದಿನ ಇಡೀ ವಠಾರದ ಮಕ್ಕಳು ಹಿತ್ತಲಿಗೂ ಜಗುಲಿಗೂ ಓಡಾಡಿದ್ದೇ ಓಡಾಡಿದ್ದು. ಮಧ್ಯಾಹ್ನ ಸಾರನ್ನ, ಮಜ್ಜಿಗೆ. ಅದರಿಂದ ಏನು ಉಪಯೋಗವಾಯಿತೋ ದೇವರಿಗೇ ಗೊತ್ತು. ಆದರೆ ಒಂದು ಮಾತು ಒಪ್ಪಬೇಕು: ಅಜ್ಜಿ ವರ್ಷಕ್ಕೆ ಒಂದೋ ಎರಡೋ ಸಲ ಕುಡಿಸುತ್ತಿದ್ದಳು. ತಿಂಗಳ ಪ್ಯಾಕ್ ಮಾರುತ್ತಿರಲಿಲ್ಲ.

ನಮ್ಮ ಬೀದಿಯ ರಾಯರನ್ನೇ ನೋಡಿ. ನಿವೃತ್ತರು, ಬಿ.ಪಿ.ಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ನುಂಗುವವರು. ಹುಟ್ಟಿದಾಗಿನಿಂದ ಅವರದು ದಿನ ಬಿಟ್ಟು ದಿನದ ಲೆಕ್ಕ. ಇದರಲ್ಲಿ ರೋಗ ಏನೂ ಇಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸರಿಯೇ, ಕಷ್ಟಪಡದೆ ಹೋದರೆ ಆಯಿತು. ಆದರೆ ಟಿವಿ ‘ದಿನಾ ಬೆಳಗ್ಗೆ’ ಅಂತು. ರಾಯರು ಚಮಚ ಹಿಡಿದರು.

ಮೊದಲ ಬೆಳಗ್ಗೆ ಪರಮಾನಂದ. ಎರಡನೇ ಬೆಳಗ್ಗೆ ಏನೂ ಇಲ್ಲ. ಬರುವುದಾದರೂ ಹೇಗೆ? ಮೆಜೆಸ್ಟಿಕ್‌ನಲ್ಲಿ ಬಸ್ಸು ಪೂರ್ತಿ ಖಾಲಿಯಾದ ಮೇಲೆ ಮತ್ತೆ ಜನ ತುಂಬಬೇಕಲ್ಲ. ದೊಡ್ಡ ಕರುಳೂ ಹಾಗೇ, ಪೂರ್ತಿ ತೊಳೆದು ಹೋದರೆ ಮತ್ತೆ ತುಂಬಲು ಎರಡು ಮೂರು ದಿನ ಬೇಕು. ರಾಯರು ಕಾಯಲಿಲ್ಲ. ‘ಮತ್ತೆ ಕಟ್ಟಿಕೊಂಡಿತು’ ಅಂತ ಇನ್ನೊಂದು ಚಮಚ. ಚಟ ಅಂಟುವುದು ಬಹಳ ಸಲ ಹೀಗೆ. ಖಾಲಿ ಕರುಳನ್ನು ಮಲಬದ್ಧತೆ ಅಂತ ತಿಳಿದುಕೊಂಡು.

ಕೆಲವು ವರ್ಷದಲ್ಲಿ ಒಂದು ಚಮಚ ಎರಡಾಯಿತು, ಮೂರಾಯಿತು. ಆಮೇಲೆ ಮೆಟ್ಟಿಲು ಹತ್ತುವಾಗ ಕಾಲಿನಲ್ಲಿ ಶಕ್ತಿಯೇ ಇಲ್ಲ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 2.9. ಅದು 3.5ಕ್ಕಿಂತ ಮೇಲಿರಬೇಕು. ಚೂರ್ಣ ಒಂದು ಕಡೆ, ಬಿ.ಪಿ. ಮಾತ್ರೆ ಇನ್ನೊಂದು ಕಡೆ, ಎರಡೂ ಸೇರಿ ಹೊರಗೆ ಹಾಕಿದ್ದವು. ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತ ತಪ್ಪಬಹುದು. ಕರುಳೂ ಸೋಮಾರಿಯಾಗುತ್ತೆ. ಸೋಮಾರಿಯಾದರೆ? ಇನ್ನೊಂದು ಚಮಚ.

‘ಡಾಕ್ಟ್ರೇ, ನನ್ನ ಕರುಳು ಸತ್ತೇ ಹೋಯ್ತಾ?’ ಅಂತ ರಾಯರು ಕೇಳಿದರಂತೆ. ವಾಟ್ಸಾಪ್‌ನಲ್ಲಿ ಹಾಗೆ ಬಂದಿತ್ತು. ಇದು ಇನ್ನೊಂದು ತುದಿಯ ಹುಚ್ಚು. ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಈ ಮದ್ದುಗಳು ಕರುಳನ್ನು ಕೊಲ್ಲುತ್ತವೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಸೋನಾಮುಖಿ ಬಹಳ ಕಾಲ ತಿಂದವರ ಕರುಳಿನ ಒಳಗೋಡೆ ಕಂದು ಬಣ್ಣಕ್ಕೆ ತಿರುಗಬಹುದು. ಅದರಿಂದ ಕೇಡಿಲ್ಲ, ಬಿಟ್ಟ ಕೆಲವು ತಿಂಗಳಲ್ಲಿ ಬಣ್ಣ ಹೋಗುತ್ತೆ. ಕಾಟ ಕೊಡುವುದು ಅಳತೆ ಮೀರಿದ್ದು, ಲೆಕ್ಕ ತಪ್ಪಿದ್ದು.

ಡಾಕ್ಟ್ರು ಮೊದಲು ಪೊಟ್ಯಾಸಿಯಂ ಸರಿ ಮಾಡಿ, ಬಿ.ಪಿ. ಮಾತ್ರೆ ಬದಲಿಸಿದರು. ಆಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, 17 ಗ್ರಾಂ, ಒಂದು ದೊಡ್ಡ ಲೋಟ ನೀರಿನಲ್ಲಿ, ದಿನಕ್ಕೊಮ್ಮೆ. ಇದು ಕರುಳನ್ನು ಕೆರಳಿಸುವುದಿಲ್ಲ, ಒಳಗೆ ನೀರು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುತ್ತೆ ಅಷ್ಟೇ. ಲ್ಯಾಕ್ಟುಲೋಸ್ ಸಿರಪ್ಪೂ ಇದೇ ಗುಂಪು, ಆದರೆ ಹೊಟ್ಟೆಯಲ್ಲಿ ಗ್ಯಾಸ್ ಗುಡುಗಾಟ ಜಾಸ್ತಿ. ಮಿಲ್ಕ್ ಆಫ್ ಮೆಗ್ನೀಷಿಯಾ ಕೂಡ ಇದರಲ್ಲೇ ಬರುತ್ತೆ, ಕಿಡ್ನಿ ತೊಂದರೆ ಇದ್ದವರಿಗೆ ಅದು ಬೇಡ. ಮೆಗ್ನೀಷಿಯಾ ಕೆಲವೇ ಗಂಟೆಯಲ್ಲಿ ಕೆಲಸ ಮಾಡುತ್ತೆ, ಉಳಿದೆರಡಕ್ಕೆ ಒಂದೆರಡು ದಿನ ಕಾಯಬೇಕು. ‘ಮೂರು ದಿನ ಆದರೂ ಬರಲಿಲ್ಲ ಅಂದರೆ ಮಾತ್ರ ಒಂದು ಬಿಸಾಕೊಡಿಲ್ ನುಂಗಿ ರಾಯರೇ, ಹಾಲಿನ ಜೊತೆ ಬೇಡ’ ಅಂದರು. ಹಾಲು ಸೇರಿದರೆ ಮಾತ್ರೆಯ ಮೇಲಿನ ಕವಚ ಹೊಟ್ಟೆಯಲ್ಲೇ ಕರಗಿ ಸಂಕಟವಾಗುತ್ತೆ. ಜೊತೆಗೆ ತಿಂಡಿ ಆದ ಮೇಲೆ ಕಮೋಡಿನಲ್ಲಿ ಹತ್ತು ನಿಮಿಷ, ಕಾಲಡಿಗೆ ಒಂದು ಮಣೆ, ಕೈಯಲ್ಲಿ ಮೊಬೈಲ್ ಇಲ್ಲ.

ಮೊದಲ ವಾರ ರಾಯರು ಮನೆಯವರ ಜೀವ ತಿಂದರು. ಆಮೇಲೆ ಹಳೇ ಲೆಕ್ಕಕ್ಕೆ ಬಂದರು, ದಿನ ಬಿಟ್ಟು ದಿನ.

ಇಸಬ್‌ಗೋಲ್ ಏನಾಯಿತು ಅಂತೀರಾ? ಗುಜರಾತ್, ರಾಜಸ್ಥಾನದಲ್ಲಿ ಬೆಳೆದು ಲೋಕಕ್ಕೆಲ್ಲ ಕಳಿಸುವ ಹೊಟ್ಟು ಅದು, ನಿಜಕ್ಕೂ ಒಳ್ಳೆಯದು. ನಾರು ಕಡಿಮೆ ತಿನ್ನುವವರು ಶುರು ಮಾಡಬೇಕಾದದ್ದು ಅದರಿಂದಲೇ, ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ. ಆದರೆ ಲೋಟದ ತುಂಬ ನೀರು ಬೇಕು. ನಮ್ಮ ಜನ ಮೂರು ಗುಟುಕು ನೀರಿನಲ್ಲಿ ನುಂಗಿ ಮಲಗುತ್ತಾರೆ. ಅದು ಉಬ್ಬಿ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳಬಹುದು. ನುಂಗಲು ಕಷ್ಟ ಇರುವವರು, ಟ್ರಮಡಾಲ್‌ನಂಥ ನೋವಿನ ಮಾತ್ರೆಯಿಂದ ಕಟ್ಟಿಕೊಂಡವರು ಇದರ ತಂಟೆಗೆ ಹೋಗಬಾರದು.

ಇಷ್ಟನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದರೆ ಯಾರಪ್ಪನ ಗಂಟು ಹೋಗುತ್ತೆ? ಆಯುರ್ವೇದ ಔಷಧಿಯ ಜಾಹೀರಾತಿಗೆ ಮೊದಲೇ ಒಪ್ಪಿಗೆ ಪಡೆಯಬೇಕು ಅಂತ 2018ರಲ್ಲಿ 170ನೇ ನಿಯಮ ತಂದರು. 2024ರ ಜುಲೈನಲ್ಲಿ ಆಯುಷ್ ಸಚಿವಾಲಯವೇ ಅದನ್ನು ಕಿತ್ತು ಹಾಕಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಿಯಮವೇ ಒಳಗೂ ಹೋಗದೆ ಹೊರಗೂ ಬಾರದೆ ಮುಕ್ಕರಿಯುತ್ತಿತ್ತು, ಅದಕ್ಕೆ ಯಾವ ಚೂರ್ಣ ಕೊಡೋದು?

ತಮಾಷೆ ಸಾಕು. ಮೆಡಿಕಲ್ ಅಂಗಡಿ ಮುಂದೆ ನಿಂತು ಒಮ್ಮೆ ಕೇಳಿಸಿಕೊಳ್ಳಿ. ಐವತ್ತು ದಾಟಿದವರು ಬಂದು ‘ಎರಡು ತಿಂಗಳಿಂದ ಸರಿ ಹೋಗ್ತಿಲ್ಲ, ರಕ್ತಾನೂ ಬೀಳ್ತಿದೆ, ಸಣ್ಣ ಆಗಿದೀನಿ’ ಅನ್ನುತ್ತಾರೆ. ಕೌಂಟರಿನ ಹುಡುಗ ತಲೆ ಎತ್ತದೆ ಡಬ್ಬಿ ಇಡುತ್ತಾನೆ, ‘ಮೂಲವ್ಯಾಧಿಗೂ ಒಳ್ಳೇದು ಸರ್’. ಅದು ಕರುಳಿನ ಕ್ಯಾನ್ಸರ್ ಇರಬಹುದು. ಚೂರ್ಣಕ್ಕೆ ಮಲ ಹೊರಗೆ ಬರುತ್ತೆ, ಮನುಷ್ಯ ವಾಸಿಯಾಯಿತು ಅಂದುಕೊಂಡು ಇನ್ನೂ ಆರು ತಿಂಗಳು ಡಾಕ್ಟ್ರ ಹತ್ತಿರ ಹೋಗುವುದಿಲ್ಲ. ಆ ಆರು ತಿಂಗಳಿಗೆ ಜಾಹೀರಾತಿನ ಅಪ್ಪನೂ ಜವಾಬ್ದಾರನಲ್ಲ, ಅಂಗಡಿಯವನೂ ಅಲ್ಲ, ಸಚಿವಾಲಯವೂ ಅಲ್ಲ. ಡಬ್ಬಿಯ ಮೇಲಂತೂ ‘ಎರಡು ಕೊಂಡರೆ ಒಂದು ಉಚಿತ’ ಅಂತ ಮಾತ್ರ ದೊಡ್ಡ ಅಕ್ಷರದಲ್ಲಿದೆ.